ಕಪಾಟಿನ ಹಿಂದಿನ ಸಂತ್ರಾ ವಾಸನೆ

ಮೇ ತಿಂಗಳ ಎರಡನೆಯ ವಾರದ ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಾನು ನಾಗಪುರದ ಸಿವಿಲ್ ಲೈನ್ಸಿನ ಒಂದು ಸರಕಾರಿ ಕಚೇರಿಯ ಕೆಳ ಅಂತಸ್ತಿನ ಕೋಣೆಯಲ್ಲಿ, ಉಕ್ಕಿನ ಕಪಾಟಿನ ಎಡಬದಿಗೆ, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ. ಎಡಗೈಯಲ್ಲಿ ಒಂದು ಬಿಳಿ ಹಾಳೆ, ಬಲಗೈಯಲ್ಲಿ ಪೆನ್ಸಿಲು. ಕೈಗಡಿಯಾರವನ್ನು ಅದಕ್ಕೆ ಮೊದಲೇ ಗೋಡೆಯ ಗಡಿಯಾರದೊಂದಿಗೆ ಹೋಲಿಸಿ ಸರಿಮಾಡಿಕೊಂಡಿದ್ದೆ. ಇಷ್ಟನ್ನು ಯಾಕೆ ಹೇಳುತ್ತಿದ್ದೇನೆಂದರೆ, ಅಲ್ಲಿ ನಿಲ್ಲಲು ನನಗೆ ಯಾವ ಕಾರಣವೂ ಇರಲಿಲ್ಲ ಎಂದು ಮುಂದೆ ಹೇಳಲು ಮನಸ್ಸಾಗಬಾರದು. ನನ್ನನ್ನು ಅಲ್ಲಿ ನಿಲ್ಲಿಸಿದ್ದರು. ನಾನು ಒಪ್ಪಿಕೊಂಡು ನಿಂತಿದ್ದೆ.

ನಮ್ಮದು ತಪಾಸಣೆಯ ವಿಭಾಗ. ಸರಕಾರ ಕೊಳ್ಳುವ ಹಗ್ಗ, ಕ್ಯಾನ್ವಾಸು, ಪ್ಯಾಕಿಂಗ್ ಪಟ್ಟಿ, ಟೇಪು ಇಂಥವುಗಳ ಮಾದರಿಗಳು ನಮ್ಮಲ್ಲಿಗೆ ಬರುತ್ತವೆ. ಹಿಂದಿನ ಶೆಡ್ಡಿನಲ್ಲಿ ಅವುಗಳನ್ನು ಹರಿಯುವವರೆಗೆ ಎಳೆಯುತ್ತಾರೆ. ಎಷ್ಟು ಭಾರಕ್ಕೆ ಹರಿಯಿತು, ಎಷ್ಟು ಹೊತ್ತಿಗೆ ಹರಿಯಿತು ಎಂದು ನಾವು ಮುಂದಿನ ಕೋಣೆಯಲ್ಲಿ ಕುಳಿತು ವರದಿ ಬರೆಯುತ್ತೇವೆ. ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದರೆ ಮನುಷ್ಯನಿಗೆ ಒಂದು ಚಟ ಅಂಟಿಕೊಳ್ಳುತ್ತದೆ: ಹರಿಯದೆ ಇದ್ದದ್ದನ್ನು ನಂಬುವುದು ಕಷ್ಟ.

ಆ ಕೋಣೆಯಲ್ಲಿ ಕೂರುತ್ತಿದ್ದವರು ಮೂವರು. ಮೂವರೂ ಕನ್ನಡದವರಾದದ್ದು ವರ್ಗಾವಣೆಯ ಆಕಸ್ಮಿಕ. ನಾನು ಮೈಸೂರಿನ ಕಡೆಯವನು. ವಿಭಾಗದ ಮುಖ್ಯಸ್ಥರು ವಿಜಯಪುರದವರು. ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು. ಅವರನ್ನು ಎಲ್ಲರೂ ಸಾಹೇಬರೆನ್ನುತ್ತಿದ್ದರು. ಮೂರನೆಯವರು ಹುಬ್ಬಳ್ಳಿಯ ಹೆಣ್ಣುಮಗಳು, ವರದಿಗಳನ್ನು ಬೆರಳಚ್ಚು ಮಾಡಿ ಜೋಡಿಸುವವರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ಅಣ್ಣಾರ ಎನ್ನುತ್ತಿದ್ದರು, ವಯಸ್ಸಿನಲ್ಲಿ ಯಾರು ದೊಡ್ಡವರೆಂದು ಇಬ್ಬರೂ ಕೇಳಿಕೊಂಡಿರಲಿಲ್ಲ. ಇವರಲ್ಲದೆ ಕೋಣೆಗೆ ದಿನಕ್ಕೆ ಹತ್ತು ಸಲ ಬಂದುಹೋಗುವವರು, ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಮರಾಠಿ ಹೆಂಗಸು. ಕಡತ ಹೊರುವುದು, ಚಹಾ ತರುವುದು, ಸಾಹೇಬರ ತಪ್ಪು ಮರಾಠಿಯನ್ನು ತಿದ್ದುವುದು ಅವರ ಕೆಲಸ. ಮೂರನೆಯದಕ್ಕೆ ಸಂಬಳವಿರಲಿಲ್ಲ.

ಅಕ್ಕನಿಗೆ ಅಸ್ತಮಾ ಇತ್ತು. ಬೆಳಿಗ್ಗೆ ಸಂಜೆ ತಪ್ಪದೆ ಎಳೆದುಕೊಳ್ಳುವ ಒಂದು ಪಂಪು ಮನೆಯಲ್ಲಿ, ಉಸಿರು ಹಿಡಿದಾಗ ಎಳೆದುಕೊಳ್ಳುವ ನೀಲಿ ಪಂಪು ಚೀಲದಲ್ಲಿ. ನಾವು ಜೊತೆಗಿದ್ದ ನಾಲ್ಕು ವರ್ಷದಲ್ಲಿ ಅದು ಚೀಲದಿಂದ ಹೊರಬಂದದ್ದನ್ನು ನಾನು ಎರಡು ಸಲ ಮಾತ್ರ ನೋಡಿದ್ದೆ. ಸಾಹೇಬರು ಪ್ರತಿದಿನ ಬೆಳಿಗ್ಗೆ ಬಂದವರೇ ಕಪಾಟಿನ ಮೇಲಿನ ದೇವರ ಪಟಕ್ಕೆ ಎರಡು ಊದಿನಕಡ್ಡಿ ಹಚ್ಚುತ್ತಿದ್ದರು. ಆಗ ಅಕ್ಕ ಸ್ವಲ್ಪ ಕೆಮ್ಮುತ್ತಿದ್ದರು, ಸೆರಗನ್ನು ಮೂಗಿಗೆ ಹಿಡಿಯುತ್ತಿದ್ದರು, ಕೆಲಸ ನಡೆಯುತ್ತಿತ್ತು. ಬೇಸಿಗೆಯಲ್ಲಿ ಕಿಟಕಿಗೆ ಕೂಲರು ಕಟ್ಟಿರುತ್ತಿದ್ದರು. ಅದು ಹೊರಗಿನ ಗಾಳಿಯನ್ನು ಒದ್ದೆ ಮಾಡಿ ಒಳಗೆ ನೂಕುತ್ತಿತ್ತು; ಒಳಗಿನ ಗಾಳಿ ಹೊಗೆಯ ಸಮೇತ ಬಾಗಿಲಿನಿಂದ ವರಾಂಡಕ್ಕೆ ಹೋಗುತ್ತಿತ್ತು. ಎದುರಿನ ಕೋಣೆಯವರು ನಮ್ಮನ್ನು ಗುಡಿ ಎಂದು ಕರೆಯುತ್ತಿದ್ದರು.

ಆ ವರ್ಷ ಕೂಲರು ಹೋಗಿ ಏಸಿ ಬಂತು. ಏಸಿ ಕೋಣೆಯೊಳಗಿನ ಗಾಳಿಯನ್ನೇ ಎಳೆದು ತಣ್ಣಗೆ ಮಾಡಿ ಮತ್ತೆ ಅದನ್ನೇ ಬಿಡುತ್ತದೆ. ತಂಪು ಸೋರಬಾರದೆಂದು ಸಾಹೇಬರು ಒಂದು ಶನಿವಾರ ಸ್ವತಃ ಸ್ಟೂಲು ಹತ್ತಿ ಎರಡೂ ಕಿಟಕಿಗಳ ಸಂದಿಗೆ ಟೇಪು ಅಂಟಿಸಿದರು. ನಮ್ಮಲ್ಲೇ ತಪಾಸಣೆಯಾಗಿ ಉತ್ತಮ ಎನ್ನಿಸಿಕೊಂಡ ಟೇಪು. ಸೋಮವಾರ ಊದಿನಕಡ್ಡಿ ಹಚ್ಚಿದರು. ಹೊಗೆ ಮೇಲೆ ಹೋಯಿತು, ಏಸಿಯ ಬಾಯಿಗೆ ಸೇರಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. ಅಕ್ಕ ಹನ್ನೆರಡು ಗಂಟೆಯವರೆಗೆ ಕೆಮ್ಮಿದರು. ನೀಲಿ ಪಂಪು ಆ ವಾರ ಮೂರು ಸಲ ಹೊರಬಂತು.

“ಸಾಹೇಬ್ರ, ಕಡ್ಡಿ ಒಂದ್ ಬ್ಯಾಡ್ರಿ,” ಎಂದು ಅಕ್ಕ ಕೊನೆಗೆ ಕೇಳಿದರು. “ಎದಿ ಕಟ್ಟತೈತಿ.”

“ನಾಲ್ಕು ವರ್ಷ ಕಟ್ಟಲಿಲ್ಲ, ಈಗ ಕಟ್ಟತೈತೇನವ್ವಾ? ಕಡ್ಡಿನೂ ಅದ, ದೇವ್ರೂ ಅವನ.”

“ಆವಾಗ ಗಾಳಿ ಆಡ್ತಿತ್ರಿ ಸಾಹೇಬ್ರ. ಈಗ ಕಿಟಕಿ ಮುಚ್ಚೀರಿ.”

ಸಾಹೇಬರು ಒಳ್ಳೆಯವರು, ಇದನ್ನು ಇಲ್ಲಿಯೇ ಹೇಳಿಬಿಡಬೇಕು. ಒಂದು ದಿನ ಮುಖ ಊದಿಸಿಕೊಂಡಿದ್ದು, ಮರುದಿನ ಊದಿನಕಡ್ಡಿಯ ಪೊಟ್ಟಣವನ್ನೇ ಮಾವಶಿಗೆ ಕೊಟ್ಟುಬಿಟ್ಟರು. ಆದರೆ ದೇವರ ಪಟದ ಮುಂದೆ ಏನೂ ಇಲ್ಲದೆ ಕೆಲಸ ಆರಂಭಿಸುವುದು ಅವರಿಂದಾಗಲಿಲ್ಲ. ಪುಣೆಯಲ್ಲಿದ್ದ ಅವರ ಮಗಳು ಹುಟ್ಟುಹಬ್ಬಕ್ಕೆ ಒಂದು ಡಿಫ್ಯೂಸರ್ ಕಳಿಸಿದ್ದಳು. ತೆಂಗಿನಕಾಯಿಯ ಗಾತ್ರದ, ಬಿಳಿ ಪ್ಲಾಸ್ಟಿಕ್ಕಿನ ಯಂತ್ರ. ಹೊಟ್ಟೆಗೆ ನೀರು ಹಾಕಿ, ಅದರೊಳಗೆ ನಾಲ್ಕು ಹನಿ ಸುಗಂಧ ತೈಲ ಬಿಟ್ಟು ಗುಂಡಿ ಒತ್ತಿದರೆ ತುದಿಯಿಂದ ಬಿಳಿಯ ಮಂಜು ಏಳುತ್ತದೆ. ತೈಲ ಸಂತ್ರಾದ್ದು. ನಾಗಪುರದವರು ಕಿತ್ತಳೆಗೆ ಸಂತ್ರಾ ಎನ್ನುತ್ತಾರೆ, ಅದರ ಮೇಲೆ ಅವರಿಗೆ ತವರಿನ ಅಭಿಮಾನ. ಸಾಹೇಬರು ಅದನ್ನು ಅಕ್ಕನಿಗಾಗಿಯೇ ತಂದಂತೆ ಎರಡು ಕೈಯಲ್ಲಿ ಹಿಡಿದು ತಂದರು.

“ನೋಡವ್ವಾ, ಬೆಂಕಿ ಇಲ್ಲ, ಹೊಗಿ ಇಲ್ಲ, ಬೂದಿ ಇಲ್ಲ. ಬರೇ ಹಬಿ. ನೆಗಡಿ ಆದ್ರ ಹಬಿ ತಗೋತೀವಿಲ್ಲೋ? ನಿನಗ ಫಾಯದಾನ ಆಗತೈತಿ.”

ಅದು ಹಬೆಯಲ್ಲವೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಯಂತ್ರ ನೀರನ್ನು ಕಾಯಿಸುವುದಿಲ್ಲ, ನಡುಗಿಸುತ್ತದೆ. ನೀರು ಮತ್ತು ತೈಲ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಗಾಳಿಗೆ ಸೇರುತ್ತವೆ, ತೈಲದ ಆವಿ ಕೋಣೆಯ ತುಂಬ ಉಳಿಯುತ್ತದೆ. ಹೊಗೆ ಇಲ್ಲವೆಂಬುದು ನಿಜ. ಆದರೆ ಸೂಕ್ಷ್ಮವಾದ ಉಸಿರುನಾಳಕ್ಕೆ ಹೊಗೆಯೇ ಬೇಕೆಂದಿಲ್ಲ, ಘಾಟು ವಾಸನೆಯೂ ಸಾಕು. ಇದೆಲ್ಲ ನನಗೆ ಆಸ್ಪತ್ರೆಯಲ್ಲಿ ತಿಳಿಯಿತು. ಆಗ ಗೊತ್ತಿದ್ದದ್ದು ಇಷ್ಟೇ: ಮೂರು ದಿನ ಡಿಫ್ಯೂಸರ್ ನಡೆಯಿತು, ಮೂರು ದಿನವೂ ಅಕ್ಕ ಕೆಮ್ಮಿದರು, ಮೂರನೆಯ ದಿನ ಸಾಹೇಬರಿಗೆ ನಿಜವಾಗಿ ನೋವಾಯಿತು.

“ಕಡ್ಡಿ ಬ್ಯಾಡ ಅಂದಿ, ಬಿಟ್ಟೆ. ಇದೂ ಬ್ಯಾಡ ಅಂತಿ. ನಾಳೆ ದೇವ್ರ ಫೋಟೋ ನೋಡಿದ್ರ ಕೆಮ್ಮು ಬರತೈತಿ ಅಂತಿ.”

“ಫೋಟೋಕ್ಕ ವಾಸನಿ ಇಲ್ಲಲ್ರಿ,” ಎಂದರು ಅಕ್ಕ.

ಈ ಉತ್ತರ ಕೇಳಿ ಕಡತ ಇಡುತ್ತಿದ್ದ ಮಾವಶಿ ನಕ್ಕರು. ನಕ್ಕದ್ದು ಕೆಟ್ಟದಾಯಿತು. ಮಧ್ಯಾಹ್ನ ಸಾಹೇಬರು ಒಂದು ಟಿಪ್ಪಣಿ ಬರೆದರು. ಕೋಣೆಯ ವಾತಾವರಣ ಒಗ್ಗದೆ ಇರುವುದರಿಂದ ಇವರನ್ನು ಕೋರಾಡಿ ಶಾಖೆಯ ಖಾಲಿ ಜಾಗಕ್ಕೆ ಕಳಿಸಬಹುದು ಎಂದು. ಸಹಿ ಹಾಕಲಿಲ್ಲ, ಪೇಪರ್‌ವೇಟಿನ ಕೆಳಗೆ ಇಟ್ಟರು.

ಅಕ್ಕನ ಮನೆ ಮನೀಶ್ ನಗರದಲ್ಲಿ. ಕೋರಾಡಿ ಊರಿನ ಇನ್ನೊಂದು ತುದಿ, ಎರಡು ಬಸ್ಸು. ಗಂಡ ರೈಲ್ವೆಯಲ್ಲಿ, ವಾರದಲ್ಲಿ ನಾಲ್ಕು ದಿನ ಊರಲ್ಲಿರುತ್ತಿರಲಿಲ್ಲ. ಮಗಳು ಹನ್ನೆರಡನೆಯ ತರಗತಿಗೆ ಬಂದಿದ್ದಳು. ಆರು ಗಂಟೆಗೆ ಮನೆ ಸೇರದಿದ್ದರೆ ಹುಡುಗಿ ಬೀಗ ಹಾಕಿದ ಮನೆಯಲ್ಲಿ ಒಬ್ಬಳೇ. ಅಕ್ಕನಿಗೆ ಆ ಕುರ್ಚಿ ಬೇಕಿತ್ತು, ಆ ಕುರ್ಚಿಯಲ್ಲಿ ಕುಳಿತು ಉಸಿರಾಡುವುದೂ ಬೇಕಿತ್ತು. ಎರಡನ್ನೂ ಒಟ್ಟಿಗೆ ಕೇಳುವುದು ಅತಿಯಾಸೆ ಎಂಬಂತೆ ಆ ಟಿಪ್ಪಣಿ ಮೇಜಿನ ಮೇಲೆ ಕುಳಿತಿತ್ತು.

ಮಂಗಳವಾರ ಬೆಳಿಗ್ಗೆ ಅಕ್ಕ ಹೊರಗೆ ಹೋಗಿದ್ದಾಗ ನಾನು ಮಧ್ಯೆ ಬಾಯಿ ಹಾಕಿದೆ. “ಸಾರ್, ಅವರು ಸುಳ್ಳು ಹೇಳೋರಲ್ಲ.”

“ಸುಳ್ಳು ಅಂದ್ನೇನು ನಾ? ಮನಸಿನ್ಯಾಗ ಕುಂತಬಿಟ್ಟೈತಿ ಅಂತೀನಿ. ಕಣ್ಣಿಗೆ ಕಂಡ್ರ ಕೆಮ್ಮತಾಳ. ಬರೋಬರ್ ತಪಾಸಣಿ ಮಾಡೂಣು ಮೈಸೂರವ್ರ. ಆಕೀಗೆ ಗೊತ್ತಾಗದಂಗ ಕಪಾಟಿನ ಹಿಂದ ಇಡೂಣು. ಕೆಮ್ಮಿದ್ರ ಖರೆ, ನಾ ಟಿಪ್ಪಣಿ ಹರದ ಒಗೀತೀನಿ. ಕೆಮ್ಮಲಿಲ್ಲ ಅಂದ್ರ ಮನಸಿಂದು.”

“ವಾಸನೆ ಗೊತ್ತಾಗಲ್ವಾ ಸಾರ್?”

ಸಾಹೇಬರು ಇದಕ್ಕೆ ಕಾಯುತ್ತಿದ್ದರು. “ಆಕೀಗೆ ನಿನ್ನೆಯಿಂದ ನೆಗಡಿ. ಮೂಗು ಪೂರ್ತಿ ಕಟ್ಟೇತಿ. ಮುಂಜಾನೆ ಮಾವಶಿ ಶುಂಠಿ ಚಹಾ ಕೊಟ್ಟಾಗ ಶುಂಠಿ ಹಾಕಿಲ್ಲೇನು ಅಂತ ಕೇಳಿದ್ಲು, ಕೇಳಲಿಲ್ಲೇನು ನೀವು? ಇದಕಿಂತ ಚಲೋ ಸಮಯ ಸಿಗೂದಿಲ್ಲ.”

ನಾನು ಈ ತರ್ಕವನ್ನು ನಾಲ್ಕು ಕಡೆಯಿಂದ ನೋಡಿದೆ. ಲೋಪ ಕಾಣಲಿಲ್ಲ. ಒಂದು ಹೆಂಗಸಿನ ಕುರ್ಚಿ ಉಳಿಯುತ್ತದೆ, ಸಾಹೇಬರ ಅಹಂಕಾರವೂ ಉಳಿಯುತ್ತದೆ, ದಾಖಲೆಯೂ ಆಗುತ್ತದೆ. ಆ ಹೆಂಗಸನ್ನು ಒಂದು ಮಾತು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಎಳೆಯುವ ಮೊದಲು ಮಾದರಿಯ ಒಪ್ಪಿಗೆ ಪಡೆಯುವ ಪದ್ಧತಿ ನಮ್ಮಲ್ಲಿ ಇಲ್ಲ.

ಹೀಗೆ ಮಂಗಳವಾರ ಹನ್ನೊಂದು ಹತ್ತಕ್ಕೆ ಸಾಹೇಬರು ಕಪಾಟಿನ ಹಿಂದೆ ಕೈ ಹಾಕಿ ಗುಂಡಿ ಒತ್ತಿದರು. ನಾಲ್ಕು ಹನಿಯ ಬದಲು ಎಂಟು ಹನಿ ಹಾಕಿದ್ದರು. ಫಲಿತಾಂಶ ಸ್ಪಷ್ಟವಾಗಿರಲಿ ಎಂದು. ಅಕ್ಕ ನಮಗೆ ಬೆನ್ನು ಮಾಡಿ ಬೆರಳಚ್ಚು ಮಾಡುತ್ತಿದ್ದರು. ನಾನು ಹಾಳೆಯ ಮೇಲೆ “11.10, ಆರಂಭ” ಎಂದು ಬರೆದೆ. ಕಪಾಟಿನ ಪಕ್ಕ ಸುಮ್ಮನೆ ನಿಂತಿರುವುದು ವಿಚಿತ್ರವಾಗಿ ಕಾಣಬಾರದೆಂದು ಆಗಾಗ ಒಂದು ಕಡತ ತೆಗೆದು ಇಡುತ್ತಿದ್ದೆ. ಒಂದೇ ಕಡತ.

“ಏನ್ ಹುಡುಕಾಕತ್ತೀರಿ ಅಣ್ಣಾರ?” ಎಂದು ಅಕ್ಕ ತಿರುಗದೆ ಕೇಳಿದರು.

“ಹಳೇದೊಂದು ವರದಿ.”

“ಯಾವುದ್ರಿ?”

“ಹಗ್ಗದ್ದು.”

“ಎಲ್ಲಾವೂ ಹಗ್ಗದ್ದs ಅವ ಅಲ್ರಿ,” ಎಂದು ಅವರು ನಕ್ಕರು.

ಹನ್ನೊಂದು ಮೂವತ್ತೊಂದಕ್ಕೆ ಮೊದಲ ಕೆಮ್ಮು. ಬರೆದೆ. ಮೂವತ್ತನಾಲ್ಕಕ್ಕೆ ಎರಡನೆಯದು, ಮೂವತ್ತೈದಕ್ಕೆ ಒಟ್ಟಿಗೆ ನಾಲ್ಕು. ಬರೆದೆ. ಸಾಹೇಬರ ಕಡೆ ನೋಡಿದೆ. ಅವರು ಸೋತಿದ್ದರು, ಸೋತದ್ದನ್ನು ಒಪ್ಪಿಕೊಂಡು ತಲೆಯಾಡಿಸಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ತಪಾಸಣೆಯನ್ನು ಅರ್ಧಕ್ಕೆ ಬಿಡುವ ಅಭ್ಯಾಸ ನಮಗಿರಲಿಲ್ಲ. ಸಾಹೇಬರು ನನ್ನತ್ತ ಕೈ ಅಲ್ಲಾಡಿಸಿ ಇನ್ನೈದು ನಿಮಿಷ ಎಂದು ಐದು ಬೆರಳು ತೋರಿಸಿದರು. ನಾನು ಐದು ನಿಮಿಷ ಬರೆದೆ. ಈ ಐದು ನಿಮಿಷಗಳೇ ನಾನು ಇದನ್ನು ಬರೆಯುತ್ತಿರುವುದಕ್ಕೆ ಕಾರಣ.

ಬೆರಳಚ್ಚಿನ ಸದ್ದು ನಿಂತದ್ದನ್ನು ಮೊದಲು ಗಮನಿಸಿದೆ. ಆಮೇಲೆ ಕೆಮ್ಮೂ ನಿಂತಿತು. ಕೆಮ್ಮು ನಿಂತದ್ದು ಒಳ್ಳೆಯದೆಂದುಕೊಂಡೆ. ಅದರ ಜಾಗದಲ್ಲಿ ಬೇರೊಂದು ಸದ್ದು ಬರುತ್ತಿತ್ತು: ದೂರದಲ್ಲಿ ಯಾರೋ ಕುಕ್ಕರ್ ಇಟ್ಟು, ಅದು ಕೂಗುವುದಕ್ಕೆ ಮೊದಲು ಸಣ್ಣಗೆ ಎಳೆಯುತ್ತದಲ್ಲ, ಹಾಗೆ. ಅದು ಅಕ್ಕನ ಎದೆಯಿಂದ ಬರುತ್ತಿತ್ತು, ಉಸಿರು ಹೊರಗೆ ಬಿಡುವಾಗ. ಒಳಗೆ ಎಳೆಯುವುದು ಗಿಡ್ಡ, ಹೊರಗೆ ಬಿಡುವುದು ಉದ್ದ. ಎರಡು ಕೈಯನ್ನೂ ಮೇಜಿಗೆ ಊರಿ, ಭುಜ ಎತ್ತಿ, ಮುಂದಕ್ಕೆ ಬಾಗಿ ಕುಳಿತಿದ್ದರು.

“ಏನಾತವ್ವಾ?” ಎಂದು ಸಾಹೇಬರು ಕುರ್ಚಿ ಬೀಳಿಸಿ ಎದ್ದರು.

“ಉಸ್ರು,” ಎಂದರು ಅಕ್ಕ. ಸ್ವಲ್ಪ ತಡೆದು, “ಬರವಲ್ದು.”

ಮುಂದಿನ ಮೂರು ನಿಮಿಷ ನಾವು ಮಾಡಿದ್ದನ್ನು ಕ್ರಮವಾಗಿ ಬರೆಯುತ್ತೇನೆ. ಸಾಹೇಬರು ಜೇಬಿನಿಂದ ತಲೆನೋವಿನ ಬಾಮು ತೆಗೆದು ಅಕ್ಕನ ಮೂಗಿನ ಕೆಳಗೆ ಹಿಡಿದರು. ಅಕ್ಕ ಮುಖ ತಿರುಗಿಸಿದರು. ನಾನು ಕಪಾಟಿನ ಮೇಲಿನಿಂದ ಕರ್ಪೂರದ ಡಬ್ಬಿ ತಂದು, ಎರಡು ಬಿಲ್ಲೆ ಪುಡಿ ಮಾಡಿ ಕರವಸ್ತ್ರದಲ್ಲಿ ಕಟ್ಟಿ ಮುಂದೆ ಹಿಡಿದೆ. ನಮ್ಮಜ್ಜಿ ಹಾಗೆ ಮಾಡುತ್ತಿದ್ದರು. ಅಕ್ಕ ಅದನ್ನು ಕೈಯಿಂದ ಹೊಡೆದರು, ಕರ್ಪೂರ ವರದಿಗಳ ಮೇಲೆ ಚೆಲ್ಲಿತು. ಸಾಹೇಬರು ಕರವಸ್ತ್ರಕ್ಕೆ ಅತ್ತರು ಬಿಟ್ಟು ಬೀಸತೊಡಗಿದರು. ಒಂದು ಸುಗಂಧದಿಂದ ಕಟ್ಟಿದ ಉಸಿರಿಗೆ ನಾವು ಮೂರು ನಿಮಿಷದಲ್ಲಿ ಇನ್ನೂ ಮೂರು ಸುಗಂಧ ಹಿಡಿದೆವು. ಆ ನಡುವೆ ಡಿಫ್ಯೂಸರ್ ಕಪಾಟಿನ ಹಿಂದೆ ತನ್ನ ಕೆಲಸ ಮಾಡುತ್ತಲೇ ಇತ್ತು. ಕೊನೆಗೆ ನೆನಪಾಗಿ ನಾನು ವಯರು ಕಿತ್ತೆ. ಸಾಹೇಬರು ಕಿಟಕಿ ತೆರೆಯಲು ಓಡಿದರು. ಟೇಪು ಬರಲಿಲ್ಲ. ಉಗುರು ಹಾಕಿದರು, ಹಲ್ಲು ಹಾಕಿದರು. ಆ ಟೇಪಿನ ವರದಿಯಲ್ಲಿ ನಾನೇ ಬರೆದಿದ್ದೆ, ಕೈಯಿಂದ ಹರಿಯಲಾಗದು ಎಂದು.

ಹನ್ನೊಂದು ನಲವತ್ತನಾಲ್ಕಕ್ಕೆ ಮಾವಶಿ ಚಹಾ ತಂದರು. ಬಾಗಿಲಲ್ಲಿ ಒಂದು ಕ್ಷಣ ನಿಂತು ನೋಡಿದರು: ಒಬ್ಬ ಅಧಿಕಾರಿ ಕಿಟಕಿಯನ್ನು ಕಚ್ಚುತ್ತಿದ್ದಾರೆ, ಇನ್ನೊಬ್ಬ ಯಂತ್ರವೊಂದನ್ನು ಅಪ್ಪಿಕೊಂಡು ನಿಂತಿದ್ದಾನೆ, ನಡುವೆ ಅಕ್ಕ. ತಟ್ಟೆಯನ್ನು ಸಾಹೇಬರ ಮೇಜಿನ ಮೇಲೆ, ಆ ಟಿಪ್ಪಣಿಯ ಮೇಲೆಯೇ ಇಟ್ಟರು.

“ಪಂಪ್ ಕುಠೇ ಆಹೇ?” ಎಂದು ಕೇಳಿದರು. ಪಂಪು ಎಲ್ಲಿ ಎಂದು ಆ ಕೋಣೆಯಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ.

ಅಕ್ಕ ಬೆರಳಿನಿಂದ ಚೀಲ ತೋರಿಸಿದರು. ಸಾಹೇಬರು ಅವರನ್ನು ಬೆಂಚಿನ ಮೇಲೆ ಮಲಗಿಸೋಣವೆಂದು ತೋಳಿಗೆ ಕೈ ಹಾಕಿದರು. ಮಾವಶಿ ಸಾಹೇಬರ ಕೈಗೆ ಪಟ್ಟನೆ ಹೊಡೆದರು. “ಝೋಪವೂ ನಕಾ! ಬಸೂ ದ್ಯಾ!” ಮಲಗಿಸಬೇಡಿ, ಕೂತಿರಲಿ. ಆಮೇಲೆ, “ಖುರ್ಚಿ ಬಾಹೇರ್ ಕಾಢಾ! ಜಲ್ದಿ!”

ಚಕ್ರದ ಕುರ್ಚಿ. ಅಕ್ಕನನ್ನು ಕುಳಿತಂತೆಯೇ ನೂಕಿಕೊಂಡು ಬಾಗಿಲಿಗೆ ಹೋದೆವು. ಹೊಸ್ತಿಲಿಗೆ ಚಕ್ರ ಸಿಕ್ಕಿತು. ಸಾಹೇಬರು ಒಂದು ಕಡೆ, ನಾನು ಒಂದು ಕಡೆ ಎತ್ತಿ ದಾಟಿಸಿದೆವು. ವರಾಂಡದ ದೂರದ ತುದಿಗೆ, ಬೇವಿನ ಮರದ ನೆರಳಿಗೆ ತಂದು ನಿಲ್ಲಿಸಿದೆವು. ಹೊರಗೆ ಒಲೆಯ ಬಾಯಿಯಂಥ ಬಿಸಿಲು. ಆದರೆ ಆ ಗಾಳಿಗೆ ಯಾವ ವಾಸನೆಯೂ ಇರಲಿಲ್ಲ.

ಮಾವಶಿ ನೀಲಿ ಪಂಪನ್ನು ಅಲುಗಾಡಿಸಿ, ಚೀಲದಲ್ಲೇ ಇದ್ದ ಪ್ಲಾಸ್ಟಿಕ್ ಕೊಳವೆಗೆ ಸಿಕ್ಕಿಸಿ ಅಕ್ಕನ ಬಾಯಿಗೆ ಕೊಟ್ಟರು. ಒಂದು ಸಲ ಒತ್ತುವುದು, ಅಕ್ಕ ಕೊಳವೆಯೊಳಗಿಂದ ನಿಧಾನವಾಗಿ ನಾಲ್ಕೈದು ಉಸಿರು ಎಳೆಯುವುದು, ಮತ್ತೆ ಅಲುಗಾಡಿಸಿ ಇನ್ನೊಂದು ಸಲ ಒತ್ತುವುದು. ಅವಸರವಿಲ್ಲ. ಮೊಮ್ಮಗನಿಗೆ ಇದೇ ಕಾಯಿಲೆಯಂತೆ, ಅವರಿಗೆ ಇದು ಅಕ್ಕಿ ಆರಿಸಿದಷ್ಟೇ ಅಭ್ಯಾಸ. ನಾನು ಗಡಿಯಾರ ನೋಡಿದೆ. ನೋಡಿ, ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

ಐದಾರು ಸಲವಾದ ಮೇಲೆ ಆ ಸದ್ದು ಸಣ್ಣದಾಯಿತು. ಅಕ್ಕ ನಾಲ್ಕು ಪದ ಒಟ್ಟಿಗೆ ಹೇಳುವಂತಾದರು. ಹೇಳಿದ ನಾಲ್ಕು ಪದ: “ನಿಮ್ಮ ಕೈಯಾಗ ಅದು ಏನ್ರಿ?”

ಮಡಚಿ ಬೆರಳ ಸಂದಿಗೆ ಸಿಕ್ಕಿಸಿಕೊಂಡಿದ್ದ ಹಾಳೆ ಇನ್ನೂ ನನ್ನ ಕೈಯಲ್ಲಿತ್ತು. ಕೇಳಿದ್ದಕ್ಕೆ ಕೊಟ್ಟೆ. ಅವರು ಓದಿದರು. ಆರಂಭ, ಮೊದಲ ಕೆಮ್ಮು, ಎರಡನೆಯ ಕೆಮ್ಮು, ನಾಲ್ಕು ಒಟ್ಟಿಗೆ, ಆಮೇಲಿನ ಐದು ನಿಮಿಷದ ಕೆಮ್ಮುಗಳು. ಕೆಳಗೆ ನನ್ನ ಸಹಿ. ಸಹಿಯನ್ನು ಯಾವಾಗ ಹಾಕಿದೆನೆಂದು ನನಗೆ ನೆನಪಿಲ್ಲ.

“ನಾ ಏನ್ ಹಗ್ಗ ಏನ್ರಿ,” ಎಂದರು ಅಕ್ಕ, ನಡುವೆ ಉಸಿರು ತೆಗೆದುಕೊಳ್ಳುತ್ತ, “ಹರಿಯೂತನಕ ಜಗ್ಗಾಕ?”

ಸಾಹೇಬರ ಕಣ್ಣಲ್ಲಿ ನೀರಿತ್ತು. ಅತ್ತರಿನ ಕರವಸ್ತ್ರದಿಂದ ಒರೆಸಿಕೊಳ್ಳಲು ಹೋಗಿ, ಮಾವಶಿಯ ಮುಖ ನೋಡಿ, ಅದನ್ನು ಅಂಗಳಕ್ಕೆ ಎಸೆದರು.

ಉಸಿರು ಸುಧಾರಿಸಿದರೂ ಪೂರ್ತಿ ಸರಿಯಾಗಿರಲಿಲ್ಲ, ಆಸ್ಪತ್ರೆಗೆ ಹೋಗಲೇಬೇಕೆಂದು ಮಾವಶಿ ಹಟ ಹಿಡಿದರು. ಸಾಹೇಬರು ಓಡಿಹೋಗಿ ತಮ್ಮ ಕಾರು ತಂದರು. ಬಾಗಿಲು ತೆರೆದೊಡನೆ ಮಲ್ಲಿಗೆಯ ಘಮ ಬಂತು; ಮುಂದಿನ ಗಾಜಿನ ಬಳಿ ಸುಗಂಧದ ಬಾಟಲಿ. ಸಾಹೇಬರು ಅದನ್ನು ಕಿತ್ತರು, ಬಾಟಲಿ ಅವರ ಅಂಗಿಯ ಮೇಲೆ ಮಗುಚಿತು. ಅಲ್ಲಿಂದ ಮುಂದೆ ಮಾವಶಿ ಅವರನ್ನು ಹತ್ತು ಹೆಜ್ಜೆ ದೂರದಲ್ಲೇ ನಿಲ್ಲಿಸಿದರು. ಆಟೋ ಕರೆದೆವು. ಆಟೋದವನ ಮುಂದೆ ಸಣ್ಣ ಗಣಪತಿ, ಗಣಪತಿಯ ಮುಂದೆ ಉರಿಯುವ ಊದಿನಕಡ್ಡಿ. ಮಾವಶಿ ಮಾತಾಡದೆ ಕೈಬೆರಳು ತೋರಿಸಿದರು. ಆತ ಅಕ್ಕನನ್ನು ನೋಡಿದ, ಗಣಪತಿಗೆ ಕೈಮುಗಿದು ಕಡ್ಡಿಯನ್ನು ಹೊರಗೆ ತೆಗೆದು ಚಪ್ಪಲಿಯಿಂದ ಹೊಸಕಿದ. ಆದರೂ ಮಾವಶಿ ಒಪ್ಪಲಿಲ್ಲ. ಆಟೋ ಎರಡು ನಿಮಿಷ ಬಿಸಿಗಾಳಿಗೆ ಮೈಯೊಡ್ಡಿ ನಿಂತ ಮೇಲೆಯೇ ಹತ್ತಿಸಿದರು. ಸಾಹೇಬರು ಹಿಂದಿನಿಂದ ಕಾರಿನಲ್ಲಿ ಮಲ್ಲಿಗೆಯ ಜೊತೆ ಬಂದರು.

ಆಸ್ಪತ್ರೆಯಲ್ಲಿ ಅಕ್ಕನ ಮುಖಕ್ಕೆ ಮಾಸ್ಕ್ ಕಟ್ಟಿ ಔಷಧದ ಮಂಜು ಕೊಟ್ಟರು. ಅದನ್ನು ನೋಡಿ ಸಾಹೇಬರು ನನ್ನ ಕಿವಿಯಲ್ಲಿ, “ಇದೂ ಹಂಗs ಐತಲ್ರಿ, ಡಿಫ್ಯೂಸರ್ ಗತೆ,” ಎಂದರು. ವೈದ್ಯೆ ಕೇಳಿಸಿಕೊಂಡರು. ಚಿಕ್ಕ ವಯಸ್ಸಿನ ಮರಾಠಿ ಹುಡುಗಿ. ನಮ್ಮೊಡನೆ ಹಿಂದಿಯಲ್ಲಿ ಮಾತಾಡಿದರು. ಮಂಜು ಒಂದೇ ತರಹ ಕಾಣಬಹುದು, ಅದರೊಳಗೇನಿದೆ ಎನ್ನುವುದು ಮುಖ್ಯ, ಇದು ನಾಳವನ್ನು ಬಿಡಿಸುವ ಔಷಧ ಎಂದರು. ಏನಾಯಿತು ಎಂದು ಕೇಳಿದರು. ಸಾಹೇಬರು ಎಲ್ಲ ಹೇಳಿದರು, ಏನನ್ನೂ ಮುಚ್ಚಿಡಲಿಲ್ಲ, ದಾಖಲೆ ಇದೆ ಎಂದು ನನ್ನಿಂದ ಹಾಳೆ ಕೊಡಿಸಿದರು.

ವೈದ್ಯೆ ಅದನ್ನು ಎರಡು ಸಲ ಓದಿದರು. “ನೆಗಡಿ ಇದ್ದಾಗಲೇ ಮಾಡಿದಿರಾ?”

“ಮೂಗು ಕಟ್ಟಿತ್ತಲ್ಲ, ಅದಕ್ಕೇ,” ಎಂದರು ಸಾಹೇಬರು ತಮ್ಮ ಹಿಂದಿಯಲ್ಲಿ.

“ಮೂಗಿಗೆ ಗೊತ್ತಾಗಲಿಲ್ಲ. ಶ್ವಾಸಕೋಶಕ್ಕೆ ಮೂಗಿನ ಅನುಮತಿ ಬೇಕಿಲ್ಲ.” ನೆಗಡಿಯಿಂದ ಇವರ ಉಸಿರುನಾಳಗಳು ಮೊದಲೇ ಊದಿಕೊಂಡು ಕೆರಳಿರುತ್ತವೆ, ಅದರ ಮೇಲೆ ಘಾಟು ಬಿದ್ದರೆ ಸುತ್ತಲಿನ ಸ್ನಾಯು ಬಿಗಿದು ದಾರಿ ಇನ್ನೂ ಕಿರಿದಾಗುತ್ತದೆ, ಗಾಳಿ ಒಳಗೆ ಸಿಕ್ಕಿ ಹೊರಗೆ ಬರುವುದು ಕಷ್ಟವಾಗುತ್ತದೆ ಎಂದು ಅವರು ಬೆರಳನ್ನು ಉಂಗುರ ಮಾಡಿ ತೋರಿಸಿದರು. ಎಲ್ಲ ಅಸ್ತಮಾದವರಿಗೂ ವಾಸನೆಯಿಂದ ಹೀಗಾಗುವುದಿಲ್ಲ, ಇವರಿಗೆ ಆಗುತ್ತದೆ. ಹೊಗೆ, ಸುಗಂಧ, ಸ್ಪ್ರೇ ಯಾವುದೂ ಇವರ ಕೋಣೆಯಲ್ಲಿ ಬೇಡ, ಕಿಟಕಿ ತೆರೆಯಿರಿ ಎಂದು ಬರೆದುಕೊಟ್ಟರು. ಹಾಳೆಯನ್ನು ನನಗೆ ಹಿಂದಿರುಗಿಸುತ್ತ, “ಬಹಳ ಅಚ್ಚುಕಟ್ಟಾಗಿ ಬರೆದಿದ್ದೀರಿ,” ಎಂದರು. “ಇನ್ನೊಮ್ಮೆ ಬರೆಯಬೇಡಿ.” ಆಮೇಲೆ ಸಾಹೇಬರ ಅಂಗಿಯ ಮಲ್ಲಿಗೆಯನ್ನು ಮೂಸಿ ಅವರನ್ನು ವಾರ್ಡಿನಿಂದ ಹೊರಗೆ ಕಳಿಸಿದರು.

ಅಕ್ಕ ಆರು ದಿನ ರಜೆಯಲ್ಲಿದ್ದರು. ಆ ಆರು ದಿನದಲ್ಲಿ ಸಾಹೇಬರು ಬ್ಲೇಡು ಹಿಡಿದು ಕಿಟಕಿಯ ಟೇಪನ್ನು ಗೇಣು ಗೇಣಾಗಿ ಕಿತ್ತರು. ಚಹಾದ ಕಲೆ ಬಿದ್ದಿದ್ದ ಕೋರಾಡಿಯ ಟಿಪ್ಪಣಿಯನ್ನು ಹರಿದರು. ಹರಿದದ್ದನ್ನು ನಾನು ನೋಡಿದೆನೇ ಎಂದು ಕೇಳಿ ಖಚಿತಪಡಿಸಿಕೊಂಡರು. ಕೋಣೆಯಲ್ಲಿ ಯಾವ ಸುಗಂಧವೂ ಕೂಡದೆಂದು ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಬರೆದು ಬಾಗಿಲಿಗೆ ಅಂಟಿಸಿದರು. ಮರಾಠಿಯನ್ನು ಮಾವಶಿ ತಿದ್ದಿದರು. ದೇವರಿಗೆ ಯಾವ ಹೂವು ಇಡುವುದೆಂದು ಎರಡು ದಿನ ಯೋಚಿಸಿ, ಕೊನೆಗೆ ದಾಸವಾಳ ತಂದರು, ಅದಕ್ಕೆ ವಾಸನೆ ಇಲ್ಲವೆಂದು ನನ್ನ ಮೂಗಿನಿಂದ ಪರೀಕ್ಷಿಸಿದರು.

ಅಕ್ಕ ಬಂದ ದಿನ ಸಾಹೇಬರು ಎದ್ದು ನಿಂತು ಕೈಮುಗಿದರು. “ತಪ್ಪಾತವ್ವಾ. ಹಿರ್ಯಾ ಆಗಿ ತಿಳೀಲಿಲ್ಲ.”

“ಕೂಡ್ರಿ ಸಾಹೇಬ್ರ, ಕೂಡ್ರಿ,” ಎಂದು ಅಕ್ಕ ತಮ್ಮ ಕುರ್ಚಿಗೆ ಹೋಗಿ ಕುಳಿತರು. ಸಿಟ್ಟು ಹೋಗಿರಲಿಲ್ಲ, ಅದು ಮಳೆಗಾಲದವರೆಗೂ ಇತ್ತು. ಆದರೆ ಕಂಪ್ಯೂಟರ್ ಚಾಲೂ ಮಾಡಿದ ಮೇಲೆ ನನ್ನ ಕಡೆ ತಿರುಗಿ ಹೇಳಿದರು: “ಅಣ್ಣಾರ, ನಿಮ್ಮ ಹಾಳ್ಯಾಗ ತಪ್ಪೈತಿ. ಮೂವತ್ತೊಂದಕ್ಕಲ್ಲ. ಅದಕಿಂತ ಮೊದಲs ಎರಡ್ ಸಲ ಬಂದಿತ್ತು, ನುಂಗಿಕೊಂಡೆ. ಕೆಮ್ಮಿದ್ರ ಸಾಹೇಬ್ರು ಕೋರಾಡಿಗೆ ಕಳಸ್ತಾರ ಅಂತ.”

ಸಾಹೇಬರು ಕಡತದೊಳಗೆ ಮುಖ ಹುದುಗಿಸಿದರು. ನಾನು ನನ್ನ ಮೇಜನ್ನು ನೋಡಿದೆ.

“ಇನ್ನೊಂದು ಹೇಳ್ಲೇನ್ರಿ? ಗಡ್ಡ ಮಾಡಿಕೊಂಡ ಮ್ಯಾಲೆ ಹಚ್ಚಿಕೋತೀರಲ್ಲ, ಆ ಲೋಶನ್. ಎರಡು ವರ್ಷ ಆತು. ನೀವು ಹಚ್ಚಿಕೊಂಡು ಬಂದ ದಿನ ನನ್ನ ಕುರ್ಚಿ ಒಂದು ಗೇಣು ಆ ಕಡೆ ಸರಸ್ತೀನಿ, ನೀವು ನೋಡೇ ಇಲ್ಲ.”

ನಾನು ನೋಡಿರಲಿಲ್ಲ. ನಾಲ್ಕು ಅಂಗುಲದ ವ್ಯತ್ಯಾಸಕ್ಕೆ ಹಗ್ಗದ ಸುರುಳಿಯನ್ನೇ ತಿರಸ್ಕರಿಸಿದವನು ನಾನು. ಅಂದು ಸಂಜೆ ಆ ಬಾಟಲಿಯನ್ನು ಚರಂಡಿಗೆ ಸುರಿದೆ. ಮರುದಿನ ಅಕ್ಕನ ಕುರ್ಚಿ ಒಂದು ಗೇಣು ಈ ಕಡೆ ಬಂದಿತ್ತು. ಅವರು ಇನ್ನು ಎಲ್ಲಿಗೂ ಹೋಗುವುದಿಲ್ಲವೆಂದು ನನಗೆ ಆಗ ನಂಬಿಕೆಯಾಯಿತು.

ಇದನ್ನು ನನ್ನ ಜೊತೆ ನೋಡಿದವರು ಮೂವರು, ಮೂವರೂ ಇದ್ದಾರೆ. ಸಾಹೇಬರು ನಿವೃತ್ತರಾಗಿ ವಿಜಯಪುರಕ್ಕೆ ಹೋಗದೆ ನಾಗಪುರದಲ್ಲೇ ಉಳಿದಿದ್ದಾರೆ. ಕೇಳಿದರೆ ಎಲ್ಲ ಒಪ್ಪಿಕೊಳ್ಳುತ್ತಾರೆ, ಎಂಟು ಹನಿಯನ್ನು ಮಾತ್ರ ಆರು ಎನ್ನುತ್ತಾರೆ. ಮಾವಶಿಗೆ ಇನ್ನೂ ಎರಡು ವರ್ಷದ ಸೇವೆ ಇದೆ. ಆಟೋದವನನ್ನೂ ವೈದ್ಯೆಯನ್ನೂ ನಾನು ಮತ್ತೆ ನೋಡಿಲ್ಲ, ಆದ್ದರಿಂದ ಅವರ ವಿಷಯ ಹೇಳಲಾರೆ. ಮೂರನೆಯವರು ಅಕ್ಕ. ನಾನು ಇದನ್ನು ಬರೆಯುವ ಹೊತ್ತಿಗೆ ಅವರು ಎದುರಿನ ಮೇಜಿನಲ್ಲಿ, ಕಿಟಕಿಗೆ ಹತ್ತಿರ, ಐದೂವರೆಗೆ ಹೊರಡಲು ಚೀಲ ಜೋಡಿಸಿಕೊಳ್ಳುತ್ತಿದ್ದಾರೆ.